ಕೇಸು ಬಾಕಿ ಇರುವಾಗ ವಿದೇಶದ ಕೆಲಸಕ್ಕೆ ಮರಳುವುದು ಹೇಗೆ: ಲುಕ್‌ಔಟ್ ಸುತ್ತೋಲೆ, ಪಾಸ್‌ಪೋರ್ಟ್ ಮುಟ್ಟುಗೋಲು ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಗಲ್ಫ್‌ನಲ್ಲೋ ಯುರೋಪಿನಲ್ಲೋ ಕೆಲಸದಲ್ಲಿರುವಾಗ ಊರಿನಲ್ಲಿ ಕ್ರಿಮಿನಲ್ ಕೇಸು ದಾಖಲಾಗಿದೆ, ರಜೆಗೆ ಬಂದವರು ವಾಪಸ್ ಹೋಗಬೇಕು ಎನ್ನುವವರಿಗಾಗಿ ಈ ಪುಟ. ಇಲ್ಲಿ ಹೇಳಿರುವುದೆಲ್ಲ ಭಾರತದ ಕಾನೂನಿಗೆ ಸಂಬಂಧಿಸಿದ್ದು. ನಿಮ್ಮ ಕೇಸಿನ ಕಾಗದ ನೋಡಿದ ವಕೀಲರ ಮಾತಿಗೆ ಇದು ಬದಲಿಯಲ್ಲ. ಆದರೆ ಅವರ ಮುಂದೆ ಕೂತಾಗ ಏನು ಕೇಳಬೇಕು ಎಂಬುದು ಇಲ್ಲಿ ಸಿಗುತ್ತದೆ.

ಜಾಮೀನು ಸಿಕ್ಕಿದೆ. ಇನ್ನು ವಿಮಾನ ಹತ್ತಬಹುದಲ್ಲವೇ?

ಬಹಳ ಜನ ಎಡವುವುದು ಇಲ್ಲೇ. ಕೇಸು ಬಾಕಿ ಇರುವ ವ್ಯಕ್ತಿಯ ಪ್ರಯಾಣಕ್ಕೆ ಮೂರು ಬೀಗ ಬೀಳಬಹುದು. ಮೂರನ್ನೂ ಹಾಕುವವರು ಬೇರೆ ಬೇರೆ, ತೆಗೆಯುವವರೂ ಬೇರೆ ಬೇರೆ.

ಮೊದಲನೆಯದು ಕೋರ್ಟಿನದು. ಜಾಮೀನು ಆದೇಶದಲ್ಲಿ 'ನ್ಯಾಯಾಲಯದ ಅನುಮತಿ ಇಲ್ಲದೆ ದೇಶ ಬಿಡಬಾರದು' ಎಂಬ ಷರತ್ತು ಇದ್ದರೆ, ಅದನ್ನು ಆ ಕೋರ್ಟೋ ಅದಕ್ಕಿಂತ ಮೇಲಿನ ಕೋರ್ಟೋ ಮಾತ್ರ ಸಡಿಲಿಸಬಹುದು. ಎರಡನೆಯದು ಪಾಸ್‌ಪೋರ್ಟ್ ಕಚೇರಿಯದು: 1967ರ ಪಾಸ್‌ಪೋರ್ಟ್ ಕಾಯ್ದೆಯಡಿ ಹೊಸ ಪಾಸ್‌ಪೋರ್ಟ್ ನಿರಾಕರಿಸುವ ಅಥವಾ ಇರುವುದನ್ನು ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರ ಅದಕ್ಕಿದೆ. ಮೂರನೆಯದು ಲುಕ್‌ಔಟ್ ಸುತ್ತೋಲೆ, ಆಡುಮಾತಿನ ಎಲ್‌ಒಸಿ. ಪೊಲೀಸರೋ ಇನ್ನೊಂದು ತನಿಖಾ ಸಂಸ್ಥೆಯೋ ಕೇಳಿದ ಮೇಲೆ ಬ್ಯೂರೋ ಆಫ್ ಇಮಿಗ್ರೇಶನ್ ಇದನ್ನು ತನ್ನ ಕಂಪ್ಯೂಟರಿಗೆ ಏರಿಸುತ್ತದೆ. ಆಮೇಲೆ ದೇಶದ ಯಾವ ಇಮಿಗ್ರೇಶನ್ ಕೌಂಟರಿನಲ್ಲಿ ನಿಮ್ಮ ಪಾಸ್‌ಪೋರ್ಟ್ ಸ್ಕ್ಯಾನ್ ಆದರೂ ಅಲ್ಲಿ ಹೆಸರು ಎದ್ದು ಕಾಣುತ್ತದೆ.

ಜಾಮೀನು ಸಿಕ್ಕ ಮಾತ್ರಕ್ಕೆ ಎಲ್‌ಒಸಿ ಹೋಗುವುದಿಲ್ಲ. ಕೋರ್ಟು ಪ್ರಯಾಣಕ್ಕೆ ಒಪ್ಪಿದರೂ ಪಾಸ್‌ಪೋರ್ಟ್ ತಾನಾಗಿ ನವೀಕರಣವಾಗುವುದಿಲ್ಲ. ಕೈಯಲ್ಲಿ ಹೊಸ ಪಾಸ್‌ಪೋರ್ಟ್ ಇದೆ ಎಂದರೆ ಜಾಮೀನಿನ ಷರತ್ತು ಮುಗಿಯಿತು ಎಂದೂ ಅಲ್ಲ.

ಬರೀ ಎಫ್‌ಐಆರ್ ಆಗಿದೆ. ಅದಕ್ಕೇ ಪಾಸ್‌ಪೋರ್ಟ್ ನಿಲ್ಲಿಸಬಹುದೇ?

ಕಾಯ್ದೆಯ 6(2)(ಎಫ್) ಕಲಮು ಹೇಳುವುದು 'ಭಾರತದ ಕ್ರಿಮಿನಲ್ ನ್ಯಾಯಾಲಯದ ಮುಂದೆ ನಡಾವಳಿ ಬಾಕಿ ಇದ್ದರೆ' ಎಂದು. ತನಿಖೆ ಇನ್ನೂ ಪೊಲೀಸ್ ಠಾಣೆಯಲ್ಲೇ ಇದ್ದರೆ ಅದು ನ್ಯಾಯಾಲಯದ ಮುಂದಿರುವ ನಡಾವಳಿ ಅಲ್ಲ. ವಿದೇಶಾಂಗ ಸಚಿವಾಲಯವೇ 2019ರ ಅಕ್ಟೋಬರ್ 10ರ ಜ್ಞಾಪನದಲ್ಲಿ ಇದನ್ನು ಸ್ಪಷ್ಟಪಡಿಸಿದೆ: ಎಫ್‌ಐಆರ್ ದಾಖಲಾಗಿರುವುದು, ತನಿಖೆ ನಡೆಯುತ್ತಿರುವುದು ಈ ಕಲಮಿಗೆ ಸಾಲದು. ಕೇಸು ನ್ಯಾಯಾಲಯದಲ್ಲಿ ದಾಖಲಾಗಿ, ನ್ಯಾಯಾಧೀಶರು ಕಾಗ್ನಿಜೆನ್ಸ್ ತೆಗೆದುಕೊಂಡಿರಬೇಕು, ಅಂದರೆ ಅಪರಾಧವನ್ನು ವಿಚಾರಣೆಗೆಂದು ಗಮನಕ್ಕೆ ತೆಗೆದುಕೊಂಡಿರಬೇಕು.

ಹಾಗಿದ್ದರೂ ಪೊಲೀಸ್ ವೆರಿಫಿಕೇಶನ್ ವರದಿಯಲ್ಲಿ ಠಾಣೆಯವರು ಎಫ್‌ಐಆರ್ ನಂಬರು ಬರೆದು 'ಅಡ್ವರ್ಸ್', ಅಂದರೆ ಪ್ರತಿಕೂಲ, ಎಂದು ಕಳಿಸುತ್ತಾರೆ, ಪಾಸ್‌ಪೋರ್ಟ್ ಕಚೇರಿಯಿಂದ ಶೋಕಾಸ್ ನೋಟಿಸ್ ಬರುತ್ತದೆ. ಅದನ್ನು ಕಂಡು ಗಾಬರಿಯಾಗಿ ಸುಮ್ಮನೆ ಕೂರುವವರೇ ಹೆಚ್ಚು. ಉತ್ತರ ಕೊಡದಿದ್ದರೆ ಫೈಲು ಮುಚ್ಚಿಹೋಗುತ್ತದೆ. ದೋಷಾರೋಪ ಪಟ್ಟಿ ಇನ್ನೂ ಸಲ್ಲಿಕೆಯಾಗಿಲ್ಲ ಎಂಬುದಕ್ಕೆ ಇ-ಕೋರ್ಟ್ಸ್ ತಾಣದ ಮುದ್ರಿತ ಪ್ರತಿಯನ್ನೋ ಕೋರ್ಟ್ ಕಚೇರಿಯಿಂದ ಪಡೆದ ಕಾಗದವನ್ನೋ ಲಗತ್ತಿಸಿ, 2019ರ ಜ್ಞಾಪನವನ್ನು ಉಲ್ಲೇಖಿಸಿ ಉತ್ತರಿಸಿ.

ಚೆಕ್ ಬೌನ್ಸ್ ಪ್ರಕರಣದಲ್ಲಿ ಇದು ತಿರುಗಾಮುರುಗಾ ಆಗುತ್ತದೆ. ಅದರಲ್ಲಿ ಎಫ್‌ಐಆರ್ ಇರುವುದಿಲ್ಲ. ದೂರು ನೇರವಾಗಿ ಮ್ಯಾಜಿಸ್ಟ್ರೇಟ್ ಮುಂದೆ ಹೋಗುವುದರಿಂದ ಕಾಗ್ನಿಜೆನ್ಸ್ ಬೇಗ ಆಗುತ್ತದೆ. ಇದು ಅಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಲಾಗದ ಅಪರಾಧವಾದ್ದರಿಂದ ವಿಮಾನ ನಿಲ್ದಾಣದಲ್ಲಿ ತಡೆಯುವ ಎಲ್‌ಒಸಿ ಸಾಮಾನ್ಯವಾಗಿ ಬರುವುದಿಲ್ಲ, ಆದರೆ ಪಾಸ್‌ಪೋರ್ಟ್ ನವೀಕರಣ ಮಾತ್ರ ನಿಲ್ಲುತ್ತದೆ. 'ಅದು ಬರೀ ದುಡ್ಡಿನ ಕೇಸು' ಎಂದು ಅರ್ಜಿಯಲ್ಲಿ ಮುಚ್ಚಿಟ್ಟವರು ಇನ್ನೊಂದು ಕೇಸನ್ನು ಮೈಮೇಲೆ ಎಳೆದುಕೊಳ್ಳುತ್ತಾರೆ.

ಅರ್ಜಿಯಲ್ಲಿ 'ಕ್ರಿಮಿನಲ್ ಕೇಸು ಇದೆಯೇ' ಎಂಬ ಪ್ರಶ್ನೆಗೆ 'ಇಲ್ಲ' ಎಂದರೆ ಏನಾಗುತ್ತದೆ?

ಗೊತ್ತಿದ್ದೂ ಸುಳ್ಳು ಮಾಹಿತಿ ಕೊಟ್ಟರೆ ಅಥವಾ ಮುಖ್ಯ ಮಾಹಿತಿ ಮುಚ್ಚಿಟ್ಟರೆ ಕಾಯ್ದೆಯ 12ನೇ ಕಲಮಿನಡಿ ಎರಡು ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಮಾಹಿತಿ ಮುಚ್ಚಿಟ್ಟು ಪಡೆದ ಪಾಸ್‌ಪೋರ್ಟನ್ನು ಮುಟ್ಟುಗೋಲು ಹಾಕಲು 10(3)(ಬಿ) ಎಂಬ ಪ್ರತ್ಯೇಕ ಆಧಾರವೂ ಇದೆ. ಏಜೆಂಟರು 'ನೋ ಅಂತ ಹಾಕಿ, ಏನೂ ಆಗಲ್ಲ' ಎನ್ನುತ್ತಾರೆ. ಅರ್ಜಿಗೆ ಸಹಿ ನಿಮ್ಮದು, ಅವರದಲ್ಲ.

ಪೊಲೀಸರು ಪಾಸ್‌ಪೋರ್ಟ್ ಕಿತ್ತುಕೊಂಡಿದ್ದಾರೆ. ಇದು ಮುಟ್ಟುಗೋಲೇ?

ಅಲ್ಲ. ಪೊಲೀಸರದು ಜಪ್ತಿ. ತನಿಖೆಗೆ ಬೇಕಾದ ವಸ್ತುವನ್ನು ಪಂಚನಾಮೆ ಮಾಡಿ ವಶಕ್ಕೆ ಪಡೆಯುವ ಅಧಿಕಾರ ಅವರಿಗಿದೆ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 102, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 106). ಆದರೆ ಅದನ್ನು ಉದ್ದಕ್ಕೂ ತಮ್ಮಲ್ಲೇ ಇಟ್ಟುಕೊಂಡರೆ ಅದು ಮುಟ್ಟುಗೋಲಾಗುತ್ತದೆ, ಆ ಅಧಿಕಾರ ಪಾಸ್‌ಪೋರ್ಟ್ ಪ್ರಾಧಿಕಾರಕ್ಕೆ ಮಾತ್ರ ಎಂದು 2008ರಲ್ಲಿ ಸುರೇಶ್ ನಂದಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದಸ್ತಾವೇಜುಗಳನ್ನು ಮುಟ್ಟುಗೋಲು ಹಾಕುವ ನ್ಯಾಯಾಲಯದ ಸಾಮಾನ್ಯ ಅಧಿಕಾರವೂ ಪಾಸ್‌ಪೋರ್ಟಿಗೆ ಅನ್ವಯಿಸುವುದಿಲ್ಲ ಎಂದು ಅದೇ ತೀರ್ಪು ಹೇಳುತ್ತದೆ. ಜಪ್ತಿ ಮಾಡಿದ ಪೊಲೀಸರು ಪಾಸ್‌ಪೋರ್ಟನ್ನು ಕಾರಣ ಬರೆದ ಪತ್ರದೊಂದಿಗೆ ಪಾಸ್‌ಪೋರ್ಟ್ ಕಚೇರಿಗೆ ಕಳಿಸಬೇಕು. ಆ ಕಚೇರಿ ನಿಮಗೆ ನೋಟಿಸ್ ಕೊಟ್ಟು, ನಿಮ್ಮ ಮಾತು ಕೇಳಿ, ಆಮೇಲೆ ತೀರ್ಮಾನಿಸಬೇಕು.

ಆದ್ದರಿಂದ ಮೊದಲು ಜಪ್ತಿ ಪಂಚನಾಮೆಯ ಪ್ರತಿ ಪಡೆಯಿರಿ. ನಂತರ, ಪಾಸ್‌ಪೋರ್ಟ್ ಎಲ್ಲಿದೆ, ಠಾಣೆಯಲ್ಲೋ ಕೋರ್ಟಿನ ಪ್ರಾಪರ್ಟಿ ರೂಮಿನಲ್ಲೋ ಪಾಸ್‌ಪೋರ್ಟ್ ಕಚೇರಿಯಲ್ಲೋ ಎಂದು ಲಿಖಿತವಾಗಿ ಕೇಳಿ. ಠಾಣೆಯಲ್ಲೇ ತಿಂಗಳುಗಟ್ಟಲೆ ಬಿದ್ದಿದ್ದರೆ ಸುರೇಶ್ ನಂದಾ ತೀರ್ಪನ್ನು ಮುಂದಿಟ್ಟು ಬಿಡುಗಡೆಗೆ ಅರ್ಜಿ ಹಾಕಬಹುದು.

ಜಾಮೀನಿನ ಷರತ್ತಿನಂತೆ ನೀವೇ ಕೋರ್ಟಿಗೆ ಒಪ್ಪಿಸಿದ ಪಾಸ್‌ಪೋರ್ಟಿನ ಕತೆ ಬೇರೆ. ಆ ಷರತ್ತು ತಪ್ಪು ಎನಿಸಿದರೆ ಮೇಲಿನ ಕೋರ್ಟಿನಲ್ಲಿ ಪ್ರಶ್ನಿಸಬಹುದು. ಆದರೆ ಅದು ಇರುವಷ್ಟು ದಿನ ಪಾಲಿಸಲೇಬೇಕು.

ಪಾಸ್‌ಪೋರ್ಟ್ ಕಚೇರಿ ಮುಟ್ಟುಗೋಲು ಆದೇಶ ಹೊರಡಿಸಿದರೆ?

ಕಾಯ್ದೆಯ 10(3)(ಇ) ಹೇಳುವುದು ಕೇಸು ಬಾಕಿ ಇದ್ದರೆ ಮುಟ್ಟುಗೋಲು 'ಹಾಕಬಹುದು' ಎಂದು, 'ಹಾಕಲೇಬೇಕು' ಎಂದಲ್ಲ. ಆದೇಶದಲ್ಲಿ ಕಾರಣ ಬರೆದಿರಬೇಕು. ದೇಶದ ಭದ್ರತೆಯಂಥ ಕೆಲವು ಸಂದರ್ಭ ಬಿಟ್ಟರೆ ಅದರ ಪ್ರತಿಯನ್ನೂ ಕೇಳಿದಾಗ ಕೊಡಬೇಕು. ಪಾಸ್‌ಪೋರ್ಟ್ ಕಿತ್ತುಕೊಳ್ಳುವ ಮುನ್ನ ವ್ಯಕ್ತಿಯ ಮಾತು ಕೇಳಬೇಕೆಂಬ ತತ್ವ 1978ರ ಮೇನಕಾ ಗಾಂಧಿ ತೀರ್ಪಿನಿಂದ ಗಟ್ಟಿಯಾದದ್ದು. ಅದೂ ಪಾಸ್‌ಪೋರ್ಟ್ ಮುಟ್ಟುಗೋಲಿನದೇ ಕೇಸು.

ಆದೇಶ ಬಂದ 30 ದಿನದೊಳಗೆ 11ನೇ ಕಲಮಿನಡಿ ಮೇಲ್ಮನವಿ ಸಲ್ಲಿಸಬಹುದು. 'ಕೇಸು ಬಾಕಿ ಇದೆ, ಆದ್ದರಿಂದ ಮುಟ್ಟುಗೋಲು' ಎಂದು ಎರಡೇ ಸಾಲು ಬರೆದ, ನಿಮ್ಮ ಉತ್ತರವನ್ನು ಎಲ್ಲೂ ಉಲ್ಲೇಖಿಸದ ಆದೇಶ ಹೈಕೋರ್ಟಿನ ರಿಟ್ ಅರ್ಜಿಯಲ್ಲಿ ನಿಲ್ಲುವುದು ಕಷ್ಟ. ಅದಕ್ಕೇ ಶೋಕಾಸ್ ನೋಟಿಸಿಗೆ ಕೊಡುವ ಉತ್ತರ ಮುಖ್ಯ. ಉತ್ತರವನ್ನೇ ಕೊಡದವರು 'ನನ್ನ ಮಾತು ಕೇಳಲಿಲ್ಲ' ಎಂದು ಆಮೇಲೆ ಹೇಳಲು ಬರುವುದಿಲ್ಲ.

ವಿದೇಶದಲ್ಲಿರುವಾಗಲೇ ಮುಟ್ಟುಗೋಲಾದರೆ ರಾಯಭಾರ ಕಚೇರಿಯಲ್ಲಿ ಸಿಗುವುದು ಸಾಮಾನ್ಯವಾಗಿ ತುರ್ತು ಪ್ರಮಾಣಪತ್ರ. ಅದು ಭಾರತಕ್ಕೆ ಬರಲು ಒಂದು ದಾರಿಯ ಕಾಗದ ಮಾತ್ರ, ಅದನ್ನಿಟ್ಟುಕೊಂಡು ಕೆಲಸದ ವೀಸಾ ನವೀಕರಿಸಲಾಗದು.

ಕೋರ್ಟಿನಿಂದ ಅನುಮತಿ ತಂದರೆ ಪಾಸ್‌ಪೋರ್ಟ್ ಕೊಡುತ್ತಾರಂತೆ. ಎಷ್ಟು ವರ್ಷಕ್ಕೆ?

ಇಡೀ ವಿಷಯದ ತಿರುಳು ಇಲ್ಲಿದೆ. 1993ರ ಆಗಸ್ಟ್ 25ರ ಅಧಿಸೂಚನೆ, ಜಿಎಸ್‌ಆರ್ 570(ಇ), ಕೇಸು ಬಾಕಿ ಇರುವವರಿಗೆ 6(2)(ಎಫ್) ಕಲಮಿನಿಂದ ವಿನಾಯಿತಿ ಕೊಡುತ್ತದೆ. ಷರತ್ತು ಎಂದರೆ ಕೇಸು ನಡೆಯುತ್ತಿರುವ ನ್ಯಾಯಾಲಯ ದೇಶ ಬಿಡಲು ಅನುಮತಿಸಿದ ಆದೇಶ ತರಬೇಕು, ಕೋರ್ಟು ಕರೆದಾಗ ಹಾಜರಾಗುತ್ತೇನೆಂದು ಮುಚ್ಚಳಿಕೆ ಬರೆದುಕೊಡಬೇಕು. ಪಾಸ್‌ಪೋರ್ಟಿನ ಅವಧಿ ನಿಮ್ಮ ಇಷ್ಟದ ಮೇಲಲ್ಲ, ಆ ಆದೇಶದ ಪದಗಳ ಮೇಲೆ ನಿಂತಿದೆ.

ಪಾಸ್‌ಪೋರ್ಟ್ ಇಷ್ಟು ವರ್ಷಕ್ಕೆ ಕೊಡಿ ಎಂದು ಕೋರ್ಟು ಬರೆದರೆ ಅಷ್ಟು ವರ್ಷಕ್ಕೆ ಸಿಗುತ್ತದೆ. ಪಾಸ್‌ಪೋರ್ಟಿನ ಅವಧಿಯನ್ನೂ ಪ್ರಯಾಣದ ಅವಧಿಯನ್ನೂ ಬರೆಯದಿದ್ದರೆ ಒಂದು ವರ್ಷಕ್ಕೆ. ಒಂದು ವರ್ಷಕ್ಕಿಂತ ಕಡಿಮೆ ಪ್ರಯಾಣಕ್ಕೆ ಒಪ್ಪಿ, ಪಾಸ್‌ಪೋರ್ಟಿನ ಅವಧಿ ಹೇಳದಿದ್ದರೂ ಒಂದೇ ವರ್ಷ. ಪ್ರಯಾಣಕ್ಕೆ ಒಂದು ವರ್ಷಕ್ಕಿಂತ ಹೆಚ್ಚು ಕೊಟ್ಟು ಪಾಸ್‌ಪೋರ್ಟಿನ ಮಾತು ಎತ್ತದಿದ್ದರೆ ಪ್ರಯಾಣದ ಅವಧಿಯಷ್ಟಕ್ಕೆ.

ಒಂದು ವರ್ಷದ ಪಾಸ್‌ಪೋರ್ಟ್ ಕೇಳಲು ಸಮಾಧಾನ, ಕೆಲಸಕ್ಕೆ ಹೋಗುವವರಿಗೆ ಅದು ಅರ್ಧ ಪಾಸ್‌ಪೋರ್ಟ್. ಬಹಳಷ್ಟು ದೇಶಗಳು ಪ್ರವೇಶಕ್ಕೂ ವೀಸಾಗೂ ಪಾಸ್‌ಪೋರ್ಟಿನಲ್ಲಿ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು ಎನ್ನುತ್ತವೆ. ಮಾರ್ಚ್ 10ರಂದು ಕೊಟ್ಟ ಒಂದು ವರ್ಷದ ಪಾಸ್‌ಪೋರ್ಟು ಸೆಪ್ಟೆಂಬರ್ 10 ದಾಟಿದ ಮೇಲೆ ಹೆಸರಿಗೆ ಮಾತ್ರ ಜೀವಂತ. ಎರಡು ವರ್ಷದ ಕೆಲಸದ ವೀಸಾ ಅದರ ಮೇಲೆ ಕೂರುವುದೇ ಕಷ್ಟ.

ಇನ್ನೊಂದು ಬಲೆಯೂ ಇದೆ, ವಕೀಲರೂ ಕೆಲವೊಮ್ಮೆ ಗಮನಿಸುವುದಿಲ್ಲ. ಒಂದು ವರ್ಷದ ಪಾಸ್‌ಪೋರ್ಟನ್ನು ಅದೇ ಆದೇಶದ ಮೇಲೆ ವರ್ಷ ವರ್ಷ ನವೀಕರಿಸಬಹುದು ಎಂದು ಅಧಿಸೂಚನೆ ಹೇಳುತ್ತದೆ ನಿಜ. ಆದರೆ ಕೋರ್ಟು ಮಂಜೂರು ಮಾಡಿದ ಅವಧಿಯ ಪ್ರಯಾಣವನ್ನು ನೀವು ಮಾಡಿ ಮುಗಿಸಿರಬಾರದು, ಆ ಆದೇಶ ರದ್ದಾಗಿರಲೂಬಾರದು. ಅಂದರೆ ಹೋಗಿ ಬಂದವರಿಗೆ ಹೊಸ ಆದೇಶ ಬೇಕು. ಕೋರ್ಟೇ ಅವಧಿ ಬರೆದು ಕೊಟ್ಟ ಪಾಸ್‌ಪೋರ್ಟಿನ ನವೀಕರಣಕ್ಕೂ ಹೊಸ ಆದೇಶವೇ ಬೇಕು.

ಹಾಗಾದರೆ ಅರ್ಜಿಯಲ್ಲಿ ಏನು ಕೇಳಬೇಕು?

ಸಾಮಾನ್ಯವಾಗಿ ಕಾಣುವ ಆದೇಶ ಹೀಗಿರುತ್ತದೆ: 'ಅರ್ಜಿ ಪುರಸ್ಕರಿಸಲಾಗಿದೆ. ಪಾಸ್‌ಪೋರ್ಟ್ ಪ್ರಾಧಿಕಾರವು ಅರ್ಜಿದಾರರ ಮನವಿಯನ್ನು ಕಾನೂನಿನ ಪ್ರಕಾರ ಪರಿಗಣಿಸತಕ್ಕದ್ದು.' ಅರ್ಜಿ ಗೆದ್ದಂತೆ ಕಾಣುತ್ತದೆ, ಪಾಸ್‌ಪೋರ್ಟ್ ಕಚೇರಿಯ ಮೇಜಿನ ಮೇಲೆ ಸೋಲುತ್ತದೆ. ಯಾಕೆಂದರೆ ಅದರಲ್ಲಿ 'ದೇಶ ಬಿಡಲು ಅನುಮತಿ' ಎಂಬ ಮಾತೂ ಇಲ್ಲ, ವರ್ಷವೂ ಇಲ್ಲ.

ಕೋರಿಕೆಯ ಭಾಗದಲ್ಲಿ ಇವು ಬೇರೆ ಬೇರೆ ಸಾಲಾಗಿ ಬರಲಿ:

'(1) ಅರ್ಜಿದಾರರು ಉದ್ಯೋಗದ ನಿಮಿತ್ತ ಯುಎಇಗೆ ತೆರಳಲು, ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ, ಅನುಮತಿ ನೀಡಬೇಕು. (2) ಅರ್ಜಿದಾರರ ಪಾಸ್‌ಪೋರ್ಟನ್ನು ಹತ್ತು ವರ್ಷಗಳ ಅವಧಿಗೆ ಮರುವಿತರಿಸಲು ಜಿಎಸ್‌ಆರ್ 570(ಇ) ಅನ್ವಯ ಅನುಮತಿ ನೀಡಬೇಕು. (3) ನ್ಯಾಯಾಲಯದ ವಶದಲ್ಲಿರುವ ಪಾಸ್‌ಪೋರ್ಟನ್ನು ಮರುವಿತರಣೆ ಹಾಗೂ ಪ್ರಯಾಣಕ್ಕಾಗಿ ಹಿಂದಿರುಗಿಸಬೇಕು. (4) ಖುದ್ದು ಹಾಜರಾತಿಯಿಂದ ವಿನಾಯಿತಿ ನೀಡಿ, ವಕೀಲರ ಮೂಲಕ ಹಾಜರಾಗಲು ಅವಕಾಶ ಕೊಡಬೇಕು. (5) ಅರ್ಜಿದಾರರ ವಿರುದ್ಧದ ಲುಕ್‌ಔಟ್ ಸುತ್ತೋಲೆಯನ್ನು ಹಿಂಪಡೆಯಲು, ಅಥವಾ ಪ್ರಯಾಣದ ಅವಧಿಗೆ ಅಮಾನತಿನಲ್ಲಿಡಲು, ಅದನ್ನು ಕೋರಿದ ಪೊಲೀಸ್ ಅಧಿಕಾರಿಗೆ ನಿರ್ದೇಶಿಸಬೇಕು.'

ಹತ್ತು ವರ್ಷ ಕೇಳಿದರೆ ಕೋರ್ಟು ಐದು ಕೊಡಬಹುದು, ಎರಡು ಕೊಡಬಹುದು. ಅದು ಒಂದಕ್ಕಿಂತ ಮೇಲೇ. ಕೇಳದೇ ಇದ್ದರೆ ಒಂದೇ.

ಜೊತೆಗೆ ಯಾವ ಕಾಗದ ಲಗತ್ತಿಸಬೇಕು?

ಕೆಲಸದ ಕರಾರು, ಮಾಲೀಕರ ಪತ್ರ (ಯಾವ ದಿನದೊಳಗೆ ಮರಳದಿದ್ದರೆ ಕೆಲಸ ಹೋಗುತ್ತದೆ ಎಂದು ದಿನಾಂಕ ಸಮೇತ ಬರೆದದ್ದು), ವೀಸಾ ಅಥವಾ ಗುರುತಿನ ಚೀಟಿಯ ಪ್ರತಿ, ಅಲ್ಲಿನ ವಿಳಾಸ ಮತ್ತು ಫೋನ್, ಇಲ್ಲಿ ಉಳಿಯುವ ಕುಟುಂಬ ಹಾಗೂ ಆಸ್ತಿಯ ದಾಖಲೆ. ಕೊನೆಯದನ್ನು ಹಲವರು ಬಿಡುತ್ತಾರೆ. ನ್ಯಾಯಾಧೀಶರ ಮನಸ್ಸಿನಲ್ಲಿರುವ ಪ್ರಶ್ನೆ ಒಂದೇ: ಇವನು ಮರಳಿ ಬರುತ್ತಾನೆಯೇ? ಪಹಣಿ, ಮನೆ ತೆರಿಗೆ ರಸೀದಿ, ಮಕ್ಕಳ ಶಾಲೆಯ ಕಾಗದ ಅದಕ್ಕೆ ಉತ್ತರ. ಜೊತೆಗೆ 'ಸಾಕ್ಷಿ ವಿಚಾರಣೆಯಲ್ಲಿ ನನ್ನ ಗುರುತನ್ನು ಪ್ರಶ್ನಿಸುವುದಿಲ್ಲ, ನಾನಿಲ್ಲದಾಗ ನನ್ನ ವಕೀಲರ ಸಮ್ಮುಖದಲ್ಲಿ ಸಾಕ್ಷ್ಯ ದಾಖಲಿಸಲು ಒಪ್ಪಿದ್ದೇನೆ' ಎಂಬ ಮುಚ್ಚಳಿಕೆ ಕೊಟ್ಟರೆ, ವಿಚಾರಣೆ ನಿಂತುಹೋಗುತ್ತದೆ ಎಂಬ ಪ್ರಾಸಿಕ್ಯೂಟರ್ ಆಕ್ಷೇಪಣೆಯ ಅರ್ಧ ಬಲ ಕುಸಿಯುತ್ತದೆ.

ಎಲ್‌ಒಸಿಯನ್ನು ಯಾರು, ಯಾವಾಗ ಹೊರಡಿಸಬಹುದು?

ಗೃಹ ಸಚಿವಾಲಯದ 2021ರ ಫೆಬ್ರವರಿ 22ರ ಕ್ರೋಡೀಕೃತ ಮಾರ್ಗಸೂಚಿ ಇದಕ್ಕೆ ಆಧಾರ. ಪೊಲೀಸರ ಕಡೆಯಿಂದ ಕೋರಿಕೆ ಬರಬೇಕಾದರೆ ಜಿಲ್ಲಾ ಎಸ್‌ಪಿ ಮಟ್ಟದ ಅಧಿಕಾರಿಯ ಒಪ್ಪಿಗೆ ಬೇಕು, ಠಾಣೆಯ ಇನ್‌ಸ್ಪೆಕ್ಟರ್ ತಾನೇ ಕಳಿಸುವಂತಿಲ್ಲ. ಸಂಜ್ಞೇಯ ಅಪರಾಧದಲ್ಲಿ ತಡೆಯಲು, ವಶಕ್ಕೆ ಪಡೆಯಲು ಕೇಳಬಹುದು. ಸಂಜ್ಞೇಯ ಅಪರಾಧ ಇಲ್ಲದಿದ್ದರೆ ತಡೆಯುವಂತಿಲ್ಲ, ವ್ಯಕ್ತಿ ಬಂದ ಅಥವಾ ಹೋದ ಮಾಹಿತಿಯನ್ನು ತಿಳಿಸಲು ಮಾತ್ರ ಕೇಳಬಹುದು. ದೇಶದ ಭದ್ರತೆ, ಆರ್ಥಿಕ ಹಿತದಂಥ ಕಾರಣಕ್ಕೆ ಅಪವಾದ ಇದೆ, ಕೌಟುಂಬಿಕ ಜಗಳದ ಕೇಸಿಗೆ ಅದು ಅನ್ವಯಿಸುವುದಿಲ್ಲ.

ಯಾವಾಗ ಎಂಬುದಕ್ಕೆ 2010ರಲ್ಲಿ ದೆಹಲಿ ಹೈಕೋರ್ಟ್ ಸುಮೇರ್ ಸಿಂಗ್ ಸಲ್ಕಾನ್ ಪ್ರಕರಣದಲ್ಲಿ ಕೊಟ್ಟ ಉತ್ತರವನ್ನು ಇಂದಿಗೂ ಎಲ್ಲ ಕಡೆ ಉಲ್ಲೇಖಿಸುತ್ತಾರೆ: ಆರೋಪಿ ಬೇಕೆಂದೇ ಬಂಧನ ತಪ್ಪಿಸಿಕೊಳ್ಳುತ್ತಿರಬೇಕು, ಅಥವಾ ಜಾಮೀನುರಹಿತ ವಾರಂಟ್, ಅಂದರೆ ಎನ್‌ಬಿಡಬ್ಲ್ಯು, ಹೊರಡಿಸಿದರೂ ಕೋರ್ಟಿಗೆ ಬಾರದಿರಬೇಕು, ದೇಶ ಬಿಡುವ ಸಂಭವವೂ ಇರಬೇಕು. ಎಲ್‌ಒಸಿಯನ್ನು ಹೊರಡಿಸಿದ ಅಧಿಕಾರಿಯೇ ಹಿಂಪಡೆಯಬಹುದು, ಕೇಸು ನಡೆಯುತ್ತಿರುವ ವಿಚಾರಣಾ ನ್ಯಾಯಾಲಯವೂ ರದ್ದು ಮಾಡಬಹುದು ಎಂದೂ ಆ ತೀರ್ಪು ಹೇಳುತ್ತದೆ. ಎಲ್ಲದಕ್ಕೂ ಹೈಕೋರ್ಟಿಗೆಂದು ಬೆಂಗಳೂರಿಗೆ, ಧಾರವಾಡಕ್ಕೆ, ಕಲಬುರಗಿಗೆ ಓಡಬೇಕಿಲ್ಲ.

ನನ್ನ ಹೆಸರಿನಲ್ಲಿ ಎಲ್‌ಒಸಿ ಇದೆಯೇ ಎಂದು ಮೊದಲೇ ತಿಳಿಯುವುದು ಹೇಗೆ?

ಹೆಸರು ಹಾಕಿ ನೋಡುವ ತಾಣ ಯಾವುದೂ ಇಲ್ಲ. ದುಡ್ಡು ತೆಗೆದುಕೊಂಡು 'ಚೆಕ್ ಮಾಡಿಸಿಕೊಡುತ್ತೇವೆ' ಎನ್ನುವವರನ್ನು ನಂಬಬೇಡಿ. ಸುಳಿವು ಸಿಗುವುದು ಕೋರ್ಟ್ ಫೈಲಿನಲ್ಲಿ. ಪ್ರತಿ ವಾಯಿದೆಯ ಟಿಪ್ಪಣಿ ಇರುವ ಆರ್ಡರ್ ಶೀಟಿಗೆ ನಕಲು ಅರ್ಜಿ ಹಾಕಿ ತೆಗೆಸಿ. 'ಆರೋಪಿ ಗೈರು, ಸಮನ್ಸ್ ಜಾರಿಯಾಗಿಲ್ಲ, ಆರೋಪಿ ವಿದೇಶದಲ್ಲಿದ್ದಾನೆಂದು ವರದಿ, ಎನ್‌ಬಿಡಬ್ಲ್ಯು ಹೊರಡಿಸಿ' ಎಂಬ ಸಾಲುಗಳು ಒಂದರ ಹಿಂದೆ ಒಂದು ಇದ್ದರೆ ಎಲ್‌ಒಸಿ ಇರುವ ಸಾಧ್ಯತೆ ದೊಡ್ಡದು. ನಿಮ್ಮ ಅರ್ಜಿಗೆ ಪ್ರಾಸಿಕ್ಯೂಟರ್ ಆಕ್ಷೇಪಣೆ ಸಲ್ಲಿಸುವಾಗ 'ಎಲ್‌ಒಸಿ ಜಾರಿಯಲ್ಲಿದೆಯೇ ಎಂದು ತಿಳಿಸಿ' ಎಂದು ಕೋರ್ಟಿನಿಂದಲೇ ಕೇಳಿಸುವುದು ಖಚಿತವಾದ ದಾರಿ.

ಎಲ್‌ಒಸಿ ಒಂದು ವರ್ಷಕ್ಕೆ ತಾನಾಗಿಯೇ ಮುಗಿಯುತ್ತದಂತೆ?

ಅದು 2010ರ ಮಾರ್ಗಸೂಚಿ. 2021ರಿಂದ ಅದು ತಲೆಕೆಳಗಾಗಿದೆ. ಕೋರಿದ ಸಂಸ್ಥೆಯೇ 'ತೆಗೆಯಿರಿ' ಎಂದು ಹೇಳುವವರೆಗೆ ಎಲ್‌ಒಸಿ ಉಳಿಯುತ್ತದೆ. ಮೂರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಪರಿಶೀಲಿಸುವ ಹೊಣೆ ಆ ಸಂಸ್ಥೆಯದೇ. ತನಿಖಾಧಿಕಾರಿ ವರ್ಗವಾಗಿ ಹೋಗಿದ್ದರೆ, ಹೊಸಬರಿಗೆ ಆ ಫೈಲಿನ ಅರಿವೇ ಇಲ್ಲದಿದ್ದರೆ, ಖುಲಾಸೆಯಾದ ಮೇಲೂ ಕೌಂಟರಿನಲ್ಲಿ ಹೆಸರು ಹೊಳೆಯುತ್ತದೆ. ಖುಲಾಸೆಯಾದವರು ತೀರ್ಪಿನ ದೃಢೀಕೃತ ಪ್ರತಿಯನ್ನು ಎಸ್‌ಪಿ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯುವುದು ಅದಕ್ಕೇ.

ಒಂದು ಕೇಸನ್ನು ಮೊದಲಿನಿಂದ ಕೊನೆಯವರೆಗೆ ತೋರಿಸುತ್ತೀರಾ?

ಹೀಗಿಟ್ಟುಕೊಳ್ಳೋಣ. ದುಬೈನಲ್ಲಿ ಗೋದಾಮಿನ ಸೂಪರ್‌ವೈಸರ್ ಆಗಿರುವ ಒಬ್ಬರ ಮೇಲೆ ಪತ್ನಿ ಕೊಟ್ಟ ದೂರಿನಂತೆ ದಕ್ಷಿಣ ಕನ್ನಡದ ಠಾಣೆಯೊಂದರಲ್ಲಿ ಹಳೆಯ ದಂಡ ಸಂಹಿತೆಯ 498ಎ, ಅಂದರೆ ಗಂಡನ ಕ್ರೌರ್ಯದ, ಕೇಸು. ದೋಷಾರೋಪ ಪಟ್ಟಿ ಸಲ್ಲಿಕೆಯಾಗಿದೆ. ಅವರು ದುಬೈನಲ್ಲಿದ್ದಾಗ ಸಮನ್ಸ್ ಊರಿನ ಮನೆಗೆ ಹೋಗಿ ವಾಪಸಾಯಿತು, ವಾರಂಟ್ ಆಯಿತು, ಎಲ್‌ಒಸಿಯೂ ಆಯಿತು. 45 ದಿನದ ರಜೆಗೆ ಬಂದವರನ್ನು ಮಂಗಳೂರು ವಿಮಾನ ನಿಲ್ದಾಣದಲ್ಲೇ ತಡೆದು ಪೊಲೀಸರಿಗೆ ಒಪ್ಪಿಸಿದರು. ಮೂರನೇ ದಿನ ಜಾಮೀನು ಸಿಕ್ಕಿತು: ಪಾಸ್‌ಪೋರ್ಟ್ ಕೋರ್ಟಿಗೆ ಒಪ್ಪಿಸಬೇಕು, ಅನುಮತಿ ಇಲ್ಲದೆ ದೇಶ ಬಿಡಬಾರದು. ಪಾಸ್‌ಪೋರ್ಟಿನಲ್ಲಿ ಉಳಿದಿರುವುದು ಐದು ತಿಂಗಳು. ಅವರ ನಿಜವಾದ ಗಡಿಯಾರ ರಜೆಯದಲ್ಲ, ಯುಎಇ ರೆಸಿಡೆನ್ಸ್ ವೀಸಾದ್ದು. ಸಾಮಾನ್ಯ ರೆಸಿಡೆನ್ಸ್ ವೀಸಾ ಇರುವವರು 180 ದಿನಕ್ಕಿಂತ ಹೆಚ್ಚು ಹೊರಗಿದ್ದರೆ ಅದು ಬಿದ್ದುಹೋಗುತ್ತದೆ.

ಮೊದಲ ವಾರದ ಕೆಲಸ ವಾರಂಟ್ ಹಿಂಪಡೆಸುವುದು. ಜಾಮೀನು ಸಿಕ್ಕಿತಲ್ಲ, ಅದೇಕೆ ಎನ್ನಬೇಡಿ. 1993ರ ಅಧಿಸೂಚನೆ ವಿನಾಯಿತಿ ಕೊಡುವುದು 6(2)(ಎಫ್) ಕಲಮಿಗೆ ಮಾತ್ರ. ವಾರಂಟ್ ಜಾರಿಯಲ್ಲಿದ್ದರೆ 6(2)(ಜಿ) ಎಂಬ ಪಕ್ಕದ ಕಲಮು ಅಡ್ಡ ಬರುತ್ತದೆ. 'ವಾರಂಟ್ ಹಿಂಪಡೆಯಲಾಗಿದೆ' ಎಂಬ ಸಾಲು ಆರ್ಡರ್ ಶೀಟಿನಲ್ಲಿ ಬರಬೇಕು, ಠಾಣೆಗೂ ತಿಳಿಯಬೇಕು.

ಎರಡನೇ ವಾರ ಮೇಲಿನ ಐದು ಕೋರಿಕೆಗಳ ಅರ್ಜಿ. ಪ್ರಾಸಿಕ್ಯೂಟರ್ ಆಕ್ಷೇಪಣೆಗೆ ಒಂದು ವಾಯಿದೆ, ದೂರುದಾರರ ಪರ ವಕೀಲರಿಗೆ ಒಂದು ವಾಯಿದೆ, ವಾದಕ್ಕೆ ಒಂದು. ಏಳನೇ ವಾರ ಆದೇಶ ಬಂತೆಂದರೆ ಅದೃಷ್ಟವೇ. ಅಷ್ಟರಲ್ಲಿ ರಜೆ ಮುಗಿದಿರುತ್ತದೆ. ಆದ್ದರಿಂದ ಅರ್ಜಿ ಹಾಕಿದ ದಿನವೇ ಮಾಲೀಕರಿಂದ ಸಂಬಳರಹಿತ ರಜೆಯ ಪತ್ರ ತರಿಸಿಕೊಂಡಿರಬೇಕು. ಕೋರ್ಟು ಐದು ವರ್ಷದ ಪಾಸ್‌ಪೋರ್ಟಿಗೂ ಎರಡು ವರ್ಷದ ಪ್ರಯಾಣಕ್ಕೂ ಒಪ್ಪಿತು, ಒಂದು ಲಕ್ಷದ ಬಾಂಡ್ ಮತ್ತು ಒಬ್ಬ ಸ್ಥಳೀಯ ಶ್ಯೂರಿಟಿ ಕೇಳಿತು ಎಂದುಕೊಳ್ಳಿ.

ಎಂಟನೇ ವಾರ ನಕಲು ಅರ್ಜಿ. ದೃಢೀಕೃತ ಪ್ರತಿ ಐದು ತೆಗೆಸಿದರು: ಪಾಸ್‌ಪೋರ್ಟ್ ಕಚೇರಿಗೆ, ಎಸ್‌ಪಿ ಕಚೇರಿಗೆ, ಬ್ಯೂರೋ ಆಫ್ ಇಮಿಗ್ರೇಶನ್‌ಗೆ, ಕೈಚೀಲಕ್ಕೆ, ಮನೆಯಲ್ಲಿಡಲು. ಹಳೆಯ ಪಾಸ್‌ಪೋರ್ಟನ್ನು ಕೋರ್ಟಿನಿಂದ ಬಿಡಿಸಿಕೊಂಡದ್ದೂ ಇದೇ ವಾರ. ಮೂರನೇ ಕೋರಿಕೆ ಮರೆತಿದ್ದರೆ ಇಲ್ಲೇ ಸಿಕ್ಕಿಬೀಳುತ್ತಿದ್ದರು, ಮರುವಿತರಣೆಗೆ ಹಳೆಯ ಪುಸ್ತಕವನ್ನು ಕೌಂಟರಿನಲ್ಲಿ ತೋರಿಸಬೇಕಲ್ಲ.

ಒಂಬತ್ತನೇ ವಾರ ಪಾಸ್‌ಪೋರ್ಟ್ ಸೇವಾ ಕೇಂದ್ರದ ಅಪಾಯಿಂಟ್‌ಮೆಂಟ್. ಅರ್ಜಿಯಲ್ಲಿ ಕೇಸಿನ ಪ್ರಶ್ನೆಗೆ 'ಹೌದು' ಎಂದು ಬರೆದು, ಕೇಸ್ ನಂಬರು, ಕೋರ್ಟಿನ ಹೆಸರು, ಕಲಮು ತುಂಬಿ, ಆದೇಶದ ಪ್ರತಿ ಮತ್ತು ಮುಚ್ಚಳಿಕೆ ಕೊಟ್ಟರು. ಹನ್ನೆರಡನೇ ವಾರ ಐದು ವರ್ಷದ ಪಾಸ್‌ಪೋರ್ಟ್ ಕೈಗೆ ಬಂತು. ವೀಸಾ ಹಳೆಯ ಪುಸ್ತಕದ ನಂಬರಿನಲ್ಲಿದೆ. ಹೊಸ ನಂಬರನ್ನು ಮಾಲೀಕರಿಗೆ ಕಳಿಸಿ ವೀಸಾ ದಾಖಲೆಗೆ ಸೇರಿಸಲು ಹೇಳಿದರು, ಎರಡೂ ಪುಸ್ತಕಗಳನ್ನು ಜೊತೆಯಲ್ಲೇ ಇಟ್ಟುಕೊಂಡರು.

ಆದೇಶ ಕೈಯಲ್ಲಿದ್ದೂ ವಿಮಾನ ನಿಲ್ದಾಣದಲ್ಲಿ ತಡೆಯುವುದು ಏಕೆ?

ಆದೇಶ ನಿಮ್ಮ ಕೈಯಲ್ಲಿದೆ, ಕಂಪ್ಯೂಟರಿನಲ್ಲಿಲ್ಲ. ಇಮಿಗ್ರೇಶನ್ ಅಧಿಕಾರಿಗೆ ಕಾಣುವುದು ಎಲ್‌ಒಸಿ, ಅದನ್ನು ಕೋರಿದ ಕಚೇರಿಯ ಹೆಸರು, ಫೋನ್ ನಂಬರು. ಅವರು ಆ ನಂಬರಿಗೆ ಕರೆ ಮಾಡುತ್ತಾರೆ. ರಾತ್ರಿ ಎರಡು ಗಂಟೆಗೆ ಅತ್ತ ಯಾರೂ ಎತ್ತುವುದಿಲ್ಲ. ವಿಮಾನ ಕಾಯುವುದಿಲ್ಲ. ಚೆಕ್-ಇನ್ ಆದ ಲಗೇಜು ಕೆಳಗಿಳಿಯುತ್ತದೆ.

ಆದ್ದರಿಂದ ನಮ್ಮ ಸೂಪರ್‌ವೈಸರ್ ಎಂಟನೇ ವಾರವೇ ಆದೇಶದ ಪ್ರತಿಯನ್ನು ಎಸ್‌ಪಿ ಕಚೇರಿಯ ಟಪಾಲಿನಲ್ಲಿ ಕೊಟ್ಟು ಮೊಹರು ಹಾಕಿಸಿಕೊಂಡಿದ್ದರು. ಅಲ್ಲಿಂದ ಬ್ಯೂರೋಗೆ ಪತ್ರ ಹೋಗಬೇಕು. ಅದು ಹೋಯಿತೇ ಎಂದು ಬರೀ ಬಾಯಿಮಾತಿನಲ್ಲಿ ಕೇಳಬೇಡಿ. ರವಾನೆ ನಂಬರು ಮತ್ತು ದಿನಾಂಕ ಬರೆದುಕೊಳ್ಳಿ, ಆ ಪತ್ರದ ಪ್ರತಿ ಸಿಕ್ಕರೆ ಇನ್ನೂ ಒಳ್ಳೆಯದು. ಒಂದು ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲಿ ನೇರವಾಗಿ ಬ್ಯೂರೋಗೂ ಕಳಿಸಿ. ಪತ್ರ ಹೋಗಿ ಕನಿಷ್ಠ ಒಂದು ವಾರ ಕಳೆದ ಮೇಲೆ ಟಿಕೆಟ್ ಮಾಡಿಸಿ, ದಿನಾಂಕ ಬದಲಿಸಬಹುದಾದ ಟಿಕೆಟ್ಟೇ ಇರಲಿ. ಕೆಲಸದ ದಿನ ಹಗಲಿನಲ್ಲಿ ಹೊರಡುವ ವಿಮಾನ ಆರಿಸಿದರೆ, ಫೋನ್ ಎತ್ತುವವರು ಇರುತ್ತಾರೆ. ಇದು ಯಾವ ಕಾನೂನಿನಲ್ಲೂ ಬರೆದಿಲ್ಲ, ಆದರೂ ಪ್ರಯಾಣ ಉಳಿಸುತ್ತದೆ.

ಎಸ್‌ಪಿ ಕಚೇರಿ ಆದೇಶ ಬಂದರೂ ಪತ್ರ ಕಳಿಸದೆ ಕೂತರೆ, ಅದೇ ವಿಚಾರಣಾ ನ್ಯಾಯಾಲಯದಲ್ಲಿ ಮೆಮೊ ಹಾಕಿ ಪಾಲನಾ ವರದಿ ಕೇಳಿಸಿ. ಅದಕ್ಕೂ ಬಗ್ಗದಿದ್ದರೆ ಹೈಕೋರ್ಟಿನಲ್ಲಿ ರಿಟ್.

ಹೋದ ಮೇಲೆ ಏನು ನೆನಪಿಡಬೇಕು?

ಆದೇಶದಲ್ಲಿರುವ ಕೊನೆಯ ದಿನಾಂಕ. ವಿಸ್ತರಣೆ ಬೇಕಿದ್ದರೆ ಅವಧಿ ಮುಗಿಯುವ ಎರಡು ತಿಂಗಳು ಮೊದಲೇ ಅರ್ಜಿ ಹಾಕಿಸಿ. ಮುಗಿದ ಮೇಲೆ ಹಾಕುವ ಅರ್ಜಿ ಜಾಮೀನು ರದ್ದತಿಯ ಅರ್ಜಿಯ ಜೊತೆಗೇ ವಿಚಾರಣೆಗೆ ಬರುತ್ತದೆ, ಶ್ಯೂರಿಟಿ ಕೊಟ್ಟ ಬಂಧುವಿಗೂ ನೋಟಿಸ್ ಹೋಗುತ್ತದೆ. ಪ್ರತಿ ವಾಯಿದೆಗೆ ವಕೀಲರು ಹಾಜರಾದರೇ ಎಂದು ಇ-ಕೋರ್ಟ್ಸ್‌ನಲ್ಲಿ ನೀವೇ ನೋಡಿಕೊಳ್ಳಿ. ಒಂದು ವಾಯಿದೆಗೆ ಇಬ್ಬರೂ ಗೈರಾದರೆ ಮತ್ತೆ ವಾರಂಟ್, ವಾರಂಟಿನ ಬೆನ್ನಿಗೆ ಮತ್ತೆ ಎಲ್‌ಒಸಿ.

ಆದೇಶದಲ್ಲಿ ಯುಎಇ ಎಂದಿದ್ದರೆ ಕಂಪನಿ ಒಮಾನ್‌ಗೆ ವರ್ಗ ಮಾಡಿದಾಗ ಸುಮ್ಮನೆ ಹೋಗಬೇಡಿ. ಮೊದಲು ಕೋರ್ಟಿನಲ್ಲಿ ಬದಲಾವಣೆಗೆ ಅರ್ಜಿ ಹಾಕಿಸಿ.

ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಸಿಗುತ್ತದೆಯೇ?

ಕೇಸು ಬಾಕಿ ಇರುವಾಗ ಸ್ವಚ್ಛ ವರದಿ ಬರುವುದಿಲ್ಲ. ಹೊಸ ಕೆಲಸಕ್ಕೆ, ಹೊಸ ದೇಶಕ್ಕೆ ಹೋಗುವವರಿಗೆ ಬಹುತೇಕ ದೊಡ್ಡ ಅಡ್ಡಿ ಇದೇ. ಪ್ರಯಾಣಕ್ಕೆ ಅನುಮತಿ ಕೊಟ್ಟ ಆದೇಶವೂ ಇದನ್ನು ಸರಿಪಡಿಸುವುದಿಲ್ಲ. ಈಗಿರುವ ವೀಸಾ ನವೀಕರಣಕ್ಕೆ ಈ ಸರ್ಟಿಫಿಕೇಟ್ ಬೇಕೇ ಎಂದು ಮಾಲೀಕರನ್ನು ಲಿಖಿತವಾಗಿ ಕೇಳಿಕೊಂಡು, ಬೇಡವಾದರೆ ಅದೇ ಕೆಲಸದಲ್ಲಿ ಮುಂದುವರಿಯುವುದು, ಕೇಸು ಮುಗಿಯುವವರೆಗೆ ಕಂಪನಿ ಬದಲಿಸದಿರುವುದು ಜಾಣತನ.